ಮಲಗದ ಟ್ಯಾಬ್ಲೆಟ್

ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಂಡ ಟ್ಯಾಬ್ಲೆಟ್‌ಗಳು ಈಗ ಎಷ್ಟೋ ಮನೆಗಳಲ್ಲಿ ಬೀರುವಿನ ಮೂಲೆ ಸೇರಿವೆ. ಹೊಸ ಆಪ್‌ಗಳು ಅದರಲ್ಲಿ ಓಡುವುದಿಲ್ಲ, ಆಟಗಳು ತಡವರಿಸುತ್ತವೆ, ಮಾರಲು ಹೋದರೆ ಕಾಸು ಹುಟ್ಟುವುದಿಲ್ಲ. ಆದರೂ ಪರದೆ ಚೆನ್ನಾಗಿರುತ್ತದೆ, ವೈಫೈ ಹಿಡಿಯುತ್ತದೆ, ಬೆರಳು ತಾಗಿಸಿದರೆ ಓಗೊಡುತ್ತದೆ. ಒಂದೇ ಒಂದು ಪುಟವನ್ನು ದಿನವಿಡೀ ತೋರಿಸುವುದಕ್ಕೆ ಇಷ್ಟು ಧಾರಾಳವಾಗಿ ಸಾಕು. ಗೋಡೆಗೆ ಹಾಕಿದರೆ ಅದೇ ಮನೆಯ ಮಾಹಿತಿ ಫಲಕ: ಓವರ್‌ಹೆಡ್ ಟ್ಯಾಂಕಿನಲ್ಲಿ ನೀರೆಷ್ಟಿದೆ, ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ, ಸಂಜೆ ಮಳೆ ಬರುವ ಸೂಚನೆ ಇದೆಯೇ, ಮಹಡಿಯ ಮೇಲಿನ ದೀಪ ಆರಿಸಿದ್ದಾರೋ ಇಲ್ಲವೋ.

ಕೇಳಲು ಇದು ಅರ್ಧ ಗಂಟೆಯ ಕೆಲಸ. ಹಾಗೆಂದುಕೊಂಡು ಶುರು ಮಾಡಿದವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಒಂದು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ: ಪರದೆ ತಾನಾಗಿ ಆರಿಹೋಗುತ್ತದೆ. ಅದನ್ನು ಸರಿಪಡಿಸಿದರೆ ರಾತ್ರಿ ಹಾಲ್ ಪೂರ್ತಿ ಬೆಳಗುತ್ತದೆ. ಅದನ್ನೂ ಸರಿಪಡಿಸಿ ನೆಮ್ಮದಿಯಾದ ಮೇಲೆ, ಒಂದೆರಡು ವರ್ಷಕ್ಕೆ, ಟ್ಯಾಬ್ಲೆಟ್‌ನ ಬೆನ್ನು ಉಬ್ಬುತ್ತದೆ. ಮೂರಕ್ಕೂ ಮೂಲ ಒಂದೇ. ಟ್ಯಾಬ್ಲೆಟ್ ಎಂಬುದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಳಸಿ, ಪಕ್ಕಕ್ಕಿಟ್ಟ ಕೂಡಲೇ ಮಲಗಬೇಕೆಂದು ರೂಪಿಸಿದ ಯಂತ್ರ. ಅದರ ಬ್ಯಾಟರಿ, ತಂತ್ರಾಂಶ, ಬೆಳಕು ಎಲ್ಲವೂ ಆ ಲೆಕ್ಕದಲ್ಲೇ ಇವೆ. ಇಪ್ಪತ್ನಾಲ್ಕು ಗಂಟೆ ಎಚ್ಚರವಾಗಿರು ಎಂದು ಹೇಳಬೇಕಾದರೆ ಈ ಮೂರೂ ಕಡೆ ಹೇಳಬೇಕು.

ಉದಾಹರಣೆಗೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ 10.1 ಅನ್ನು ತೆಗೆದುಕೊಳ್ಳೋಣ. 10.1 ಇಂಚಿನ ಎಲ್‌ಸಿಡಿ ಪರದೆ, 2 ಜಿಬಿ ರ್‍ಯಾಮ್, 7300 ಎಂಎಎಚ್ ಬ್ಯಾಟರಿ. ಆಂಡ್ರಾಯ್ಡ್ 6ರೊಂದಿಗೆ ಬಂದದ್ದು 8.1ಕ್ಕೆ ಬಂದು ನಿಂತಿತು. ಇಂಥದ್ದೊಂದು ಟ್ಯಾಬ್ಲೆಟ್ ಮೈಸೂರಿನ ಯಾವುದೋ ಮನೆಯ ಹಾಲ್‌ನಲ್ಲಿ, ಊಟದ ಮೇಜಿನ ಪಕ್ಕದ ಗೋಡೆಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆ ಮನೆಯಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಈಗಾಗಲೇ ಓಡುತ್ತಿದೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಈ ಮುಕ್ತ ತಂತ್ರಾಂಶ ಮನೆಯ ಸೆನ್ಸರ್, ದೀಪ, ಪ್ಲಗ್‌ಗಳನ್ನೆಲ್ಲ ಒಂದೇ ಪುಟದಲ್ಲಿ ತೋರಿಸುತ್ತದೆ. ಗೋಡೆಯ ಟ್ಯಾಬ್ಲೆಟ್ ತೋರಿಸಬೇಕಾದದ್ದು ಆ ಪುಟವನ್ನು.

ಮೊದಲ ಕೆಲಸ ನಿದ್ದೆ ಬಿಡಿಸುವುದು. ಆಂಡ್ರಾಯ್ಡ್‌ನ ಮಾಮೂಲಿ ಸೆಟ್ಟಿಂಗ್‌ಗಳಲ್ಲಿ ಪರದೆ ಆರುವ ಸಮಯವನ್ನು ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆಯವರೆಗೆ ಮಾತ್ರ ಏರಿಸಬಹುದು. ಅದಕ್ಕೆ ಎಲ್ಲರೂ ಹಿಡಿಯುವ ದಾರಿ ಡೆವಲಪರ್ ಆಯ್ಕೆಗಳು. ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್‌ನ ವಿವರಗಳಿರುವ ಜಾಗಕ್ಕೆ ಹೋಗಿ `Build number` ಎಂಬ ಸಾಲನ್ನು ಏಳು ಸಲ ಒತ್ತಿದರೆ ಆ ಗುಪ್ತ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ `Stay awake` ಎಂಬುದನ್ನು ಆನ್ ಮಾಡಿದರೆ ಪರದೆ ಆರುವುದು ನಿಲ್ಲುತ್ತದೆ.

ಆದರೆ ಆ ಆಯ್ಕೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲನ್ನು ಕಣ್ಣು ದಾಟಿಬಿಡುತ್ತದೆ: ಚಾರ್ಜ್ ಆಗುತ್ತಿರುವಾಗ ಮಾತ್ರ ಪರದೆ ಆರದು. ಚಾರ್ಜರಿಗೆ ಕರೆಂಟ್ ನಿಂತ ಕ್ಷಣ ಹಳೆಯ ಸಮಯಮಿತಿ ಮತ್ತೆ ಜಾರಿಗೆ ಬರುತ್ತದೆ. ಮುಂದೆ ಬ್ಯಾಟರಿಯ ಆರೋಗ್ಯಕ್ಕಾಗಿ ದಿನಕ್ಕೆ ಹಲವು ಸಲ ಚಾರ್ಜರನ್ನು ಬೇಕೆಂದೇ ಆರಿಸುವ ಪ್ರಸಂಗ ಬರುತ್ತದೆ. `Stay awake` ಒಂದನ್ನೇ ನಂಬಿದ ಮನೆಯಲ್ಲಿ ಪ್ರತಿ ಸಲವೂ ಫಲಕ ಕಪ್ಪಾಗುತ್ತದೆ. ಲಕ್ಷಣದಿಂದಲೇ ಇದನ್ನು ಪತ್ತೆ ಹಚ್ಚಬಹುದು. ಪರದೆ ಆರುವುದು ಕರೆಂಟ್ ಹೋದಾಗ ಅಥವಾ ಪ್ಲಗ್ ಆಫ್ ಆದಾಗ, ಅದೂ ಸರಿಯಾಗಿ ಸೆಟ್ಟಿಂಗ್‌ನಲ್ಲಿರುವಷ್ಟೇ ಸಮಯದ ನಂತರ ಎಂದಾದರೆ ಕಾರಣ ಇದೇ.

ಇದಕ್ಕೆ ಎರಡು ಪರಿಹಾರಗಳಿವೆ. ಕಂಪ್ಯೂಟರಿಗೆ ಟ್ಯಾಬ್ಲೆಟ್ಟನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಅದೇ ಡೆವಲಪರ್ ಪಟ್ಟಿಯಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಒಂದು ಆದೇಶ ಕೊಡುವುದು ಮೊದಲನೆಯದು:

```
adb shell settings put system screen_off_timeout 2147483647
```

ಈ ದೊಡ್ಡ ಸಂಖ್ಯೆ ಮಿಲಿಸೆಕೆಂಡುಗಳ ಲೆಕ್ಕ. ದಿನಕ್ಕೆ ತಿರುಗಿಸಿದರೆ 24 ದಿನ ಚಿಲ್ಲರೆ. ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ ಅದು. ನಡುವೆ ಯಾರಾದರೊಬ್ಬರು ಪರದೆ ಮುಟ್ಟಿದರೂ ಎಣಿಕೆ ಮೊದಲಿನಿಂದ ಶುರುವಾಗುವುದರಿಂದ ಊಟದ ಮೇಜಿನ ಪಕ್ಕದ ಟ್ಯಾಬ್ಲೆಟ್‌ಗೆ ಇದು ಎಂದೂ ಮುಗಿಯದ ಸಮಯ.

ಎರಡನೆಯದು, ಫಲಕಗಳಿಗೆಂದೇ ಮಾಡಿದ ಬ್ರೌಸರ್ ಬಳಸುವುದು. ಆಂಡ್ರಾಯ್ಡ್‌ನಲ್ಲಿ ಈ ಕೆಲಸಕ್ಕೆ ಹೆಚ್ಚು ಜನ ಬಳಸುವುದು ಫುಲ್ಲಿ ಕಿಯೋಸ್ಕ್ ಬ್ರೌಸರ್. ವಿಳಾಸಪಟ್ಟಿ, ಬಟನ್ ಯಾವುದೂ ಇಲ್ಲದೆ ಪರದೆಯ ತುಂಬ ಒಂದೇ ಪುಟ ತೋರಿಸುತ್ತದೆ. ಅದರಲ್ಲಿರುವ `Keep Screen On` ಆಯ್ಕೆ, ತಾನು ಮುಂದಿರುವಷ್ಟು ಹೊತ್ತು ಪರದೆ ಆರಿಸಬೇಡ ಎಂದು ಆಂಡ್ರಾಯ್ಡ್‌ಗೆ ಹೇಳುತ್ತದೆ. ಚಾರ್ಜರ್ ಇದ್ದರೂ ಇಲ್ಲದಿದ್ದರೂ ಈ ಮಾತು ನಡೆಯುತ್ತದೆ. ಇದಕ್ಕಿರುವ ಮಿತಿ ‘ತಾನು ಮುಂದಿರುವಷ್ಟು ಹೊತ್ತು’ ಎಂಬುದೇ. ತಂತ್ರಾಂಶ ಅಪ್‌ಡೇಟ್ ಮಾಡಿ ಎಂದು ಇನ್ನೊಂದು ಕಿಟಕಿ ಇಡೀ ಪರದೆಯನ್ನು ಆವರಿಸಿ ಬಂದು ಕುಳಿತರೆ ಬ್ರೌಸರ್ ಹಿಂದಕ್ಕೆ ಸರಿಯುತ್ತದೆ, ಅದರ ಕೋರಿಕೆಯೂ ಬಿದ್ದುಹೋಗುತ್ತದೆ. ಹಾಗಾಗಿ ಎರಡೂ ಪರಿಹಾರಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಜಾಣತನ. ತಾನಾಗಿ ನಡೆಯುವ ಅಪ್‌ಡೇಟ್‌ಗಳನ್ನು ನಿಲ್ಲಿಸಿ, ಆ ಬ್ರೌಸರನ್ನು ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಹೊರಗಿಡುವುದೂ ಇದೇ ಕೆಲಸದ ಭಾಗ. ಇಲ್ಲದಿದ್ದರೆ ಹೆಚ್ಚು ಬ್ಯಾಟರಿ ತಿನ್ನುತ್ತಿದೆ ಎಂದು ಆಂಡ್ರಾಯ್ಡ್ ಅದನ್ನು ಸದ್ದಿಲ್ಲದೆ ಮುಚ್ಚಿಬಿಡಬಹುದು.

ಹಳೆಯ ಐಪ್ಯಾಡ್ ಇದ್ದವರಿಗೆ ಈ ಮೊದಲ ಹಂತ ಸುಲಭ. `Auto-Lock` ಅನ್ನು `Never` ಎಂದು ಇಟ್ಟು, ಒಂದೇ ಆಪ್‌ನಲ್ಲಿ ಕಟ್ಟಿಹಾಕುವ `Guided Access` ಆನ್ ಮಾಡಿದರೆ ಮುಗಿಯಿತು. ಅವರಿಗೆ ತೊಡಕು ಬರುವುದು ಮುಂದಿನ ಹಂತದಲ್ಲಿ.

ಮುಂದಿನ ಹಂತ ಬೆಳಕು. ಹಗಲು ಹನ್ನೆರಡಕ್ಕೆ ಕಿಟಕಿಯ ಬೆಳಕಿನೆದುರು ಓದಲು ಬೇಕಾದ ಪ್ರಖರತೆ ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಚುಚ್ಚುತ್ತದೆ. ಟ್ಯಾಬ್ಲೆಟ್‌ಗೇ ಬಿಟ್ಟುಬಿಡೋಣ ಎಂದು ಸ್ವಯಂಚಾಲಿತ ಬ್ರೈಟ್‌ನೆಸ್ ಹಾಕಿದರೆ ಗೋಡೆಯ ಮೇಲೆ ಅದು ಸರಿಯಾಗಿ ನಡೆಯುವುದಿಲ್ಲ. ಬೆಳಕು ಅಳೆಯುವ ಸೆನ್ಸರ್ ಮುಂಭಾಗದ ಅಂಚಿನಲ್ಲಿ, ಸಾಮಾನ್ಯವಾಗಿ ಕ್ಯಾಮೆರಾದ ಪಕ್ಕದಲ್ಲಿರುತ್ತದೆ. ಟ್ಯಾಬ್ಲೆಟ್ ಸುತ್ತ ಮರದ ಚೌಕಟ್ಟು ಹಾಕಿದರೆ ಅದು ಮುಚ್ಚಿಹೋಗಿ ಯಂತ್ರಕ್ಕೆ ಸದಾ ರಾತ್ರಿ. ಚೌಕಟ್ಟು ಇಲ್ಲದಿದ್ದರೂ ಎದುರಿನ ಟ್ಯೂಬ್‌ಲೈಟ್ ಹಾಕಿದಾಗಲೆಲ್ಲ ಪರದೆ ಏರಿಳಿಯುತ್ತದೆ. ಕೆಲವು ಅಗ್ಗದ ಟ್ಯಾಬ್ಲೆಟ್‌ಗಳಲ್ಲಂತೂ ಸೆನ್ಸರೇ ಇರುವುದಿಲ್ಲ. ಗೋಡೆಯ ಫಲಕಕ್ಕೆ ಗಡಿಯಾರದ ಮಾತು ಕೇಳುವ ಬ್ರೈಟ್‌ನೆಸ್ಸೇ ಮೇಲು. ಆದ್ದರಿಂದ ಮೊದಲು ಸ್ವಯಂಚಾಲಿತವನ್ನು ಆಫ್ ಮಾಡಬೇಕು. ಅದು ಆನ್ ಇದ್ದರೆ ನಾವು ಕೊಟ್ಟ ಸಂಖ್ಯೆಯನ್ನು ಅದು ಮತ್ತೆ ಮತ್ತೆ ತಿದ್ದುತ್ತದೆ.

ಆಂಡ್ರಾಯ್ಡ್ ಒಳಗೆ ಪರದೆಯ ಬೆಳಕನ್ನು 0ಯಿಂದ 255ರವರೆಗಿನ ಸಂಖ್ಯೆಯಲ್ಲಿ ಹೇಳುವುದು ರೂಢಿ. ಇಲ್ಲಿ ಎಡವುವುದು ಸುಲಭ. ಹಗಲಿಗೆ 255, ಸಂಜೆಗೆ ಅದರ ಅರ್ಧ, ರಾತ್ರಿಗೆ ಅದರ ಅರ್ಧ ಎಂದು ಹಾಕಿದರೆ ರಾತ್ರಿ 64ರಲ್ಲೂ ಪರದೆ ಬೆಳದಿಂಗಳಿಗಿಂತ ಎಷ್ಟೋ ಜೋರಾಗಿರುತ್ತದೆ. ನಮ್ಮ ಕಣ್ಣು ಬೆಳಕಿನ ಅಂತರವನ್ನಲ್ಲ, ಅನುಪಾತವನ್ನು ಗುರುತಿಸುತ್ತದೆ. 255ರಿಂದ 200ಕ್ಕೆ ಇಳಿದರೆ ಯಾರ ಗಮನಕ್ಕೂ ಬರುವುದಿಲ್ಲ. 20ರಿಂದ 8ಕ್ಕೆ ಇಳಿದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಆಂಡ್ರಾಯ್ಡ್ 9ರಿಂದ ಈಚೆಗೆ ಬೆರಳಿನಿಂದ ಜರುಗಿಸುವ ಬ್ರೈಟ್‌ನೆಸ್ ಪಟ್ಟಿಯನ್ನು ಕಣ್ಣಿನ ಈ ಗುಣಕ್ಕೆ ಹೊಂದಿಸಿದ್ದಾರೆ. ಒಳಗಿನ ಸಂಖ್ಯೆ ಮಾತ್ರ ಹಾಗಿಲ್ಲ. ಆದ್ದರಿಂದ ಹೊಸ ಟ್ಯಾಬ್ಲೆಟ್‌ನಲ್ಲಿ ಪಟ್ಟಿಯ ನಡುಭಾಗಕ್ಕೂ 128ಕ್ಕೂ ಸಂಬಂಧವಿಲ್ಲ.

ಸಂಖ್ಯೆ ಹುಡುಕುವ ಸರಿಯಾದ ವಿಧಾನ ಆಯಾ ಹೊತ್ತಿನಲ್ಲಿ ಅಲ್ಲೇ ಕುಳಿತು ನೋಡುವುದು. ಮೈಸೂರಿನ ಆ ಹಾಲ್‌ನಲ್ಲಿ ಊಟದ ಮೇಜಿನಿಂದ ಟ್ಯಾಂಕಿನ ಅಂಕಿ ಓದಲು ಸಾಧ್ಯವಾಗುವ ಅತಿ ಕಡಿಮೆ ಬೆಳಕು ಯಾವುದೋ ಅದನ್ನು ಗುರುತು ಹಾಕಿಕೊಳ್ಳಬೇಕು. ಮಧ್ಯಾಹ್ನ 180, ದೀಪ ಹಚ್ಚಿದ ಮೇಲೆ 60, ಊಟ ಮುಗಿದು ದೊಡ್ಡ ದೀಪ ಆರಿಸಿದಾಗ 12 ಎಂದು ಬಂತು ಎನ್ನೋಣ. ಬೇರೆ ಟ್ಯಾಬ್ಲೆಟ್‌ಗೆ ಈ ಅಂಕಿಗಳು ಹೊಂದುವುದಿಲ್ಲ, ಅಳೆಯುವ ವಿಧಾನ ಮಾತ್ರ ಎಲ್ಲ ಕಡೆಗೂ ಅದೇ.

ಇನ್ನು ಸಮಯ. ಸಂಜೆಯ ಬದಲಾವಣೆಯನ್ನು ಗಡಿಯಾರಕ್ಕೆ ಕಟ್ಟಿದರೆ ವರ್ಷದಲ್ಲಿ ಅರ್ಧ ಕಾಲ ತಪ್ಪುತ್ತದೆ. ದಕ್ಷಿಣ ಕರ್ನಾಟಕದಲ್ಲಿ ನವೆಂಬರ್ ನಡುವೆ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಜುಲೈ ಮೊದಲಲ್ಲಿ ಆರೂ ಮುಕ್ಕಾಲು ದಾಟುತ್ತದೆ. ಹೋಮ್ ಅಸಿಸ್ಟೆಂಟ್‌ಗೆ ಊರಿನ ಅಕ್ಷಾಂಶ ರೇಖಾಂಶ ಗೊತ್ತಿರುವುದರಿಂದ ಸೂರ್ಯಾಸ್ತವನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. 2022ರಿಂದ ಫುಲ್ಲಿ ಕಿಯೋಸ್ಕ್‌ನೊಂದಿಗೆ ಅದಕ್ಕೆ ನೇರ ಸಂಪರ್ಕವೂ ಇದೆ. ಟ್ಯಾಬ್ಲೆಟ್‌ನಲ್ಲಿ ದೂರದಿಂದ ನಿಯಂತ್ರಿಸುವ ಸೌಲಭ್ಯವನ್ನು ಗುಪ್ತಪದ ಕೊಟ್ಟು ತೆರೆದರೆ ಬ್ರೈಟ್‌ನೆಸ್, ಪರದೆ, ಬ್ಯಾಟರಿ ಮಟ್ಟ ಎಲ್ಲವೂ ಹೋಮ್ ಅಸಿಸ್ಟೆಂಟ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಈ ಸೌಲಭ್ಯಕ್ಕೆ ಒಂದೊಂದು ಟ್ಯಾಬ್ಲೆಟ್‌ಗೆ ಒಮ್ಮೆ ಹಣ ಕಟ್ಟಬೇಕಾಗುತ್ತದೆ. ಸೂರ್ಯಾಸ್ತಕ್ಕೆ ಕಾಲು ಗಂಟೆ ಮೊದಲು ಬೆಳಕು ಇಳಿಸುವ ಸೂತ್ರ ಇಷ್ಟೇ:

```yaml
triggers:
  - trigger: sun
    event: sunset
    offset: "-00:15:00"
actions:
  - action: number.set_value
    target:
      entity_id: number.hall_tab_screen_brightness
    data:
      value: 60
```

ರಾತ್ರಿ ಹತ್ತಕ್ಕೆ 12, ಬೆಳಿಗ್ಗೆ ಸೂರ್ಯೋದಯಕ್ಕೆ 180 ಎಂದು ಇಂಥವೇ ಇನ್ನೆರಡು ಬರೆದರೆ ದಿನಚರಿ ಪೂರ್ತಿಯಾಗುತ್ತದೆ.

ಎಲ್‌ಸಿಡಿ ಪರದೆಗೆ ಒಂದು ಸ್ವಭಾವದೋಷವಿದೆ. ಅದರ ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ. ಮುಂದಿನ ಪದರ ಆ ಬೆಳಕನ್ನು ತಡೆಯುತ್ತದೆ, ಆದರೆ ಪೂರ್ತಿ ತಡೆಯಲಾರದು. ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿ ಪುಟವನ್ನೂ ಕಪ್ಪು ಮಾಡಿದರೂ ಕತ್ತಲ ಕೋಣೆಯಲ್ಲಿ ಬೂದು ಬಣ್ಣದ ಚೌಕವೊಂದು ಮಿನುಗುತ್ತಲೇ ಇರುತ್ತದೆ. ಹಾಲ್‌ನಲ್ಲಿ ಇದು ಸಣ್ಣ ವಿಷಯ. ಮಲಗುವ ಕೋಣೆಯಾದರೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದೂವರೆಯವರೆಗೆ ಪರದೆಯನ್ನು ಆರಿಸಿಯೇ ಬಿಡುವುದು ಒಳ್ಳೆಯದು. ಆಗ ಒಂದು ಎಚ್ಚರ ಬೇಕು. ಆಂಡ್ರಾಯ್ಡ್ 6ರಿಂದ ಬಂದ ಡೋಜ್ ಎಂಬ ವ್ಯವಸ್ಥೆ, ಪರದೆ ಆರಿ ಚಾರ್ಜರೂ ಇಲ್ಲದೆ ಅಲುಗಾಡದೆ ಬಿದ್ದಿರುವ ಸಾಧನದ ಇಂಟರ್‌ನೆಟ್ ಬಳಕೆಯನ್ನು ತಡೆಹಿಡಿಯುತ್ತದೆ. ಬೆಳಿಗ್ಗೆ ಐದೂವರೆಗೆ ‘ಏಳು’ ಎಂದು ಕಳಿಸಿದ ಆದೇಶ ಟ್ಯಾಬ್ಲೆಟ್‌ಗೆ ತಲುಪುವುದೇ ಇಲ್ಲ. ಪರದೆ ಆರಿದರೂ ಯಂತ್ರ ಪೂರ್ತಿ ಮಲಗದಂತೆ ತಡೆಯುವ ಆಯ್ಕೆ ಫುಲ್ಲಿ ಕಿಯೋಸ್ಕ್‌ನಲ್ಲಿದೆ, ಅದನ್ನು ಹಾಕಿಕೊಳ್ಳಬೇಕು. ಅಮೋಲೆಡ್ ಪರದೆಯವರ ಚಿಂತೆ ಬೇರೆ. ಅಲ್ಲಿ ಕಪ್ಪು ನಿಜವಾಗಿ ಕಪ್ಪೇ, ಆದರೆ ಒಂದೇ ಚಿತ್ರ ತಿಂಗಳುಗಟ್ಟಲೆ ನಿಂತರೆ ಅದರ ನೆರಳು ಪರದೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಇಡೀ ದಿನದ ಫಲಕಕ್ಕೆ ಹಳೆಯ ಎಲ್‌ಸಿಡಿಯೇ ಹೆಚ್ಚು ಯೋಗ್ಯ.

ಐಪ್ಯಾಡ್‌ನ ತೊಡಕು ಇಲ್ಲಿದೆ. ಹೊತ್ತಿಗೆ ಸರಿಯಾಗಿ ಬ್ರೈಟ್‌ನೆಸ್ ಬದಲಿಸಲು ಅದರ ಶಾರ್ಟ್‌ಕಟ್ಸ್ ಆಪ್‌ನಲ್ಲಿ ಸಾಧ್ಯ, ಆದರೆ ಆ ಸ್ವಯಂಚಾಲನೆ ಬಂದದ್ದು 13ನೇ ಆವೃತ್ತಿಯಿಂದ. 2013ರ ಮೊದಲ ಐಪ್ಯಾಡ್ ಏರ್ 12ಕ್ಕೇ ನಿಂತಿದೆ. ಅಂಥದ್ದರಲ್ಲಿ ಪುಟದ ಮೇಲೆಯೇ ರಾತ್ರಿ ಹೊತ್ತು ಅರೆಪಾರದರ್ಶಕ ಕಪ್ಪು ಪದರ ಎಳೆಯುವಂತೆ ಮಾಡಬೇಕಾಗುತ್ತದೆ. ಕಣ್ಣಿಗೆ ತಂಪಾಗುತ್ತದೆ, ಹಿಂದಿನ ದೀಪ ಮಾತ್ರ ಅಷ್ಟೇ ಜೋರಾಗಿ ಉರಿಯುತ್ತದೆ.

ಹಿಂದಿನ ದೀಪದ ಮಾತು ಬಂದದ್ದರಿಂದ ಬ್ಯಾಟರಿಗೆ ಬರಬಹುದು. ಈ ಇಡೀ ಕೆಲಸದಲ್ಲಿ ನಿಜವಾಗಿ ಅಪಾಯವಿರುವ ಭಾಗ ಇದೊಂದೇ, ಹೆಚ್ಚಿನವರು ಕಡೆಗಣಿಸುವುದೂ ಇದನ್ನೇ. ಲಿಥಿಯಂ ಅಯಾನ್ ಬ್ಯಾಟರಿ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2ರಿಂದ 4.35ರವರೆಗೆ ಇರುತ್ತದೆ. ಅದರೊಳಗಿನ ದ್ರಾವಣ ಆ ಎತ್ತರದ ವೋಲ್ಟೇಜ್‌ನಲ್ಲಿ ನಿಧಾನವಾಗಿ ಒಡೆದು ಅನಿಲವಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ. ಕೈಯಲ್ಲಿ ಬಳಸುವ ಟ್ಯಾಬ್ಲೆಟ್ ನೂರು ಶೇಕಡಾದಲ್ಲಿ ಇರುವುದು ದಿನಕ್ಕೆ ಒಂದೆರಡು ಗಂಟೆ. ಸದಾ ಚಾರ್ಜರಿನಲ್ಲಿರುವ ಗೋಡೆಯ ಟ್ಯಾಬ್ಲೆಟ್ ವರ್ಷವಿಡೀ ಅಲ್ಲೇ ಇರುತ್ತದೆ, ಜೊತೆಗೆ ಪರದೆಯ ಶಾಖ. ಅನಿಲಕ್ಕೆ ಹೋಗಲು ದಾರಿಯಿಲ್ಲದೆ ಚೀಲದಂಥ ಆ ಬ್ಯಾಟರಿ ಉಬ್ಬುತ್ತದೆ.

ಒಳಗೆ ಏನು ನಡೆದಿದೆ ಎಂದು ಟ್ಯಾಬ್ಲೆಟ್ಟನ್ನೇ ಕೇಳಬಹುದು. `adb shell dumpsys battery` ಎಂದು ಕೊಟ್ಟರೆ ಬರುವ ಉತ್ತರದಲ್ಲಿ ಮೂರು ಸಾಲುಗಳನ್ನು ನೋಡಿದರೆ ಸಾಕು. ಅವು ಹೀಗಿವೆ ಎಂದುಕೊಳ್ಳಿ:

```
level: 100
voltage: 4328
temperature: 391
```

ವೋಲ್ಟೇಜ್ ಇರುವುದು ಮಿಲಿವೋಲ್ಟ್‌ನಲ್ಲಿ, ಅಂದರೆ 4.328 ವೋಲ್ಟ್. ಉಷ್ಣತೆ ಡಿಗ್ರಿಯ ಹತ್ತನೇ ಭಾಗದಲ್ಲಿ, ಅಂದರೆ 39.1 ಡಿಗ್ರಿ ಸೆಲ್ಸಿಯಸ್. ಈ ಮೂರೂ ಸಾಲುಗಳು ದಿನವಿಡೀ ಹೀಗೇ ಇದ್ದರೆ ಆ ಬ್ಯಾಟರಿ ಬಹುಕಾಲ ಬಾಳುವುದಿಲ್ಲ. ಪರದೆಯ ಬೆಳಕು ಇಳಿಸಿ ಒಂದು ಗಂಟೆ ಬಿಟ್ಟು ಇದೇ ಆದೇಶವನ್ನು ಮತ್ತೆ ಕೊಟ್ಟು ನೋಡಿದರೆ ಮೂರನೇ ಸಾಲು ಕೆಳಗಿಳಿದಿರುತ್ತದೆ. ಬ್ರೈಟ್‌ನೆಸ್‌ನ ವೇಳಾಪಟ್ಟಿ ಕಣ್ಣಿಗಷ್ಟೇ ಅಲ್ಲ, ಬ್ಯಾಟರಿಗೂ ಬೇಕು ಎನ್ನುವುದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಕೆಲವು ಹೊಸ ಟ್ಯಾಬ್ಲೆಟ್‌ಗಳಲ್ಲಿ ಚಾರ್ಜನ್ನು 80 ಅಥವಾ 85 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಇದೆ. ಇದ್ದರೆ ಅದನ್ನು ಹಾಕಿ ಮುಂದೆ ಹೋಗಬಹುದು. ಹಳೆಯದರಲ್ಲಿ ಇಲ್ಲದಿದ್ದರೆ ಚಾರ್ಜರನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಿ, ಬ್ಯಾಟರಿ 40ಕ್ಕಿಂತ ಇಳಿದಾಗ ಪ್ಲಗ್ ಆನ್, 70 ದಾಟಿದಾಗ ಆಫ್ ಎಂದು ಹೋಮ್ ಅಸಿಸ್ಟೆಂಟ್‌ಗೆ ಹೇಳುತ್ತಾರೆ. ಬ್ಯಾಟರಿ ಮಟ್ಟ ಫುಲ್ಲಿ ಕಿಯೋಸ್ಕ್‌ನಿಂದ ಬರುತ್ತಲೇ ಇರುತ್ತದೆ.

ಇದರಲ್ಲೊಂದು ತಕರಾರು ಉಂಟು, ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ಟ್ಯಾಬ್ ಎಯ 7300 ಎಂಎಎಚ್ ಬ್ಯಾಟರಿಯಲ್ಲಿರುವ ಶಕ್ತಿ ಸುಮಾರು 28 ವ್ಯಾಟ್-ಗಂಟೆ. 70ರಿಂದ 40ಕ್ಕೆ ಇಳಿಯುವಷ್ಟರಲ್ಲಿ ಅದರಲ್ಲಿ ಎಂಟು ಚಿಲ್ಲರೆ ಖರ್ಚಾಗುತ್ತದೆ. ಪರದೆ ಉರಿಯುವಾಗ ಟ್ಯಾಬ್ಲೆಟ್ 4 ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ ಎರಡು ಗಂಟೆಯಲ್ಲಿ ಮುಗಿಯಿತು. ಮತ್ತೆ ತುಂಬಲು 10 ವ್ಯಾಟ್‌ನ ಚಾರ್ಜರಿಗೆ, ಟ್ಯಾಬ್ಲೆಟ್‌ನ ಖರ್ಚು ಕಳೆದು, ಒಂದೂವರೆ ಗಂಟೆ. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಇಂಥ ಐದು ಸುತ್ತು. ಪ್ರತಿ ಸುತ್ತಿಗೆ 30 ಶೇಕಡಾ ಎಂದರೆ ದಿನಕ್ಕೆ ಒಂದೂವರೆ ಪೂರ್ಣ ಚಾರ್ಜ್, ವರ್ಷಕ್ಕೆ 500 ದಾಟುತ್ತದೆ. ಮಾಮೂಲಿ ಬಳಕೆಯಲ್ಲಿ 500 ಪೂರ್ಣ ಚಾರ್ಜ್‌ಗೆ ಬ್ಯಾಟರಿಯ ಸಾಮರ್ಥ್ಯ ಎದ್ದು ಕಾಣುವಷ್ಟು ಕುಗ್ಗುತ್ತದೆ ಎನ್ನುವುದು ಲಿಥಿಯಂ ಬ್ಯಾಟರಿಗಳ ಸ್ಥೂಲ ಲೆಕ್ಕ.

ಹಾಗಾದರೆ ಉಳಿಸಲು ಹೋಗಿ ಸವೆಸಿದಂತಾಯಿತಲ್ಲ ಎಂದು ಕೇಳಬಹುದು. ಸವೆತ ಎರಡು ಬಗೆಯದು ಎನ್ನುವುದರಲ್ಲಿ ಉತ್ತರವಿದೆ. ನಡುಮಟ್ಟದಲ್ಲಿ ಆಡುವ ಸಣ್ಣ ಸುತ್ತುಗಳು, ಪೂರ್ತಿ ಖಾಲಿಯಾಗಿ ಪೂರ್ತಿ ತುಂಬುವ ಸುತ್ತುಗಳಿಗಿಂತ ಬಹಳ ಕಡಿಮೆ ಸವೆಸುತ್ತವೆ. ಸವೆಸಿದರೂ ಕುಗ್ಗುವುದು ಸಾಮರ್ಥ್ಯ. ಗೋಡೆಯ ಟ್ಯಾಬ್ಲೆಟ್‌ಗೆ ಸಾಮರ್ಥ್ಯದ ಹಂಗಿಲ್ಲ, ಎರಡು ಗಂಟೆ ಬರುತ್ತಿದ್ದದ್ದು ಒಂದು ಗಂಟೆ ಬಂದರೆ ಯಾರಿಗೂ ನಷ್ಟವಿಲ್ಲ. ನೂರರಲ್ಲೇ ನಿಂತ ಬ್ಯಾಟರಿಯದು ಉಬ್ಬುವ ಸವೆತ, ಅದು ಬೆಂಕಿಯವರೆಗೂ ಹೋಗಬಹುದಾದದ್ದು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಮೊದಲನೆಯದನ್ನೇ ಆರಿಸಬೇಕು. ಜೊತೆಗೆ ಟ್ಯಾಬ್ಲೆಟ್‌ನ ಎಳೆತವನ್ನೇ ತಗ್ಗಿಸಿದರೆ ಸುತ್ತುಗಳೂ ಕಡಿಮೆಯಾಗುತ್ತವೆ. ಸಂಜೆಯ ಮಂದ ಬೆಳಕಿನಲ್ಲಿ ಎರಡು ಗಂಟೆಯ ಸುತ್ತು ಮೂರು ಗಂಟೆಗೆ ಹಿಗ್ಗುತ್ತದೆ. ಯಾರಾದರೂ ಎದುರು ಬಂದಾಗ ಪರದೆ ಬೆಳಗಲೆಂದು ಟ್ಯಾಬ್ಲೆಟ್‌ನ ಕ್ಯಾಮೆರಾವನ್ನು ಸದಾ ಚಾಲೂ ಇಡುವವರಿದ್ದಾರೆ. ಅದು ಶಾಖವನ್ನೂ ಖರ್ಚನ್ನೂ ಏರಿಸುತ್ತದೆ. ಕೋಣೆಗೊಂದು ಪ್ರತ್ಯೇಕ ಚಲನೆಯ ಸೆನ್ಸರ್ ಹಾಕುವುದು ಅದಕ್ಕಿಂತ ಎಷ್ಟೋ ವಾಸಿ.

ವಿದ್ಯುತ್ ಬಿಲ್ಲಿನ ಆತಂಕ ಬೇಡ. 5 ವ್ಯಾಟ್ ಎಂದೇ ಹಿಡಿದರೂ ಇಡೀ ತಿಂಗಳಿಗೆ 3.6 ಯೂನಿಟ್.

ಸ್ಮಾರ್ಟ್ ಪ್ಲಗ್‌ನ ಏರ್ಪಾಡಿನಲ್ಲಿ ತಪ್ಪು ನುಸುಳುವ ಜಾಗ ಒಂದಿದೆ. ಬ್ಯಾಟರಿ 40ರ ಗೆರೆ ದಾಟುವ ಹೊತ್ತಿಗೇ ಹೋಮ್ ಅಸಿಸ್ಟೆಂಟ್ ಓಡುತ್ತಿರುವ ಕಂಪ್ಯೂಟರ್ ಮರುಚಾಲೂ ಆಗುತ್ತಿದ್ದರೆ ಆ ಸೂಚನೆ ಕೈತಪ್ಪಿಹೋಗಬಹುದು. ಗೆರೆ ದಾಟುವುದನ್ನಷ್ಟೇ ಕಾಯುವ ಸೂತ್ರ ಆಮೇಲೆ ಸುಮ್ಮನಿರುತ್ತದೆ, ಟ್ಯಾಬ್ಲೆಟ್ ಪೂರ್ತಿ ಖಾಲಿಯಾಗಿ ಸತ್ತುಬೀಳುತ್ತದೆ. ಅದಕ್ಕಾಗಿ ಕಾಲು ಗಂಟೆಗೊಮ್ಮೆ ‘ಈಗ 40ಕ್ಕಿಂತ ಕಡಿಮೆ ಇದೆಯೇ’ ಎಂದು ನೋಡುವ ಇನ್ನೊಂದು ಸೂತ್ರವನ್ನೂ ಬರೆದಿಡಬೇಕು. ಕರೆಂಟ್ ಹೋಗಿ ಬಂದಾಗ ಪ್ಲಗ್ ತಾನಾಗಿ ಆನ್ ಸ್ಥಿತಿಗೆ ಬರುವಂತೆ ಅದರ ಸೆಟ್ಟಿಂಗ್ ಇಡಬೇಕು. ಏನೇ ಕೆಟ್ಟರೂ ಟ್ಯಾಬ್ಲೆಟ್ ಚಾರ್ಜ್ ಆಗುವ ಕಡೆಗೆ ವಾಲಲಿ, ಖಾಲಿಯಾಗುವ ಕಡೆಗಲ್ಲ.

ಇಷ್ಟು ಮಾಡಿದರೂ ಹಳೆಯ ಬ್ಯಾಟರಿ ಹಳೆಯದೇ. ಆದ್ದರಿಂದ ಟ್ಯಾಬ್ಲೆಟ್ಟನ್ನು ಗೋಡೆಗೆ ಹೇಗೆ ಕೂರಿಸಬೇಕು ಎಂಬ ಪ್ರಶ್ನೆಗೆ ಬ್ಯಾಟರಿಯೇ ಉತ್ತರ ಹೇಳುತ್ತದೆ: ತಿಂಗಳಿಗೊಮ್ಮೆ ಕೈಗೆ ತೆಗೆದು ನೋಡಲು ಬರುವಂತೆ. ಎರಡೂ ಬದಿ ಅಂಟುವ ಟೇಪಿನಿಂದ ಬೆನ್ನನ್ನು ಗೋಡೆಗೆ ಒತ್ತಿ ಅಂಟಿಸಿದರೆ ಶಾಖ ಹೊರಹೋಗುವುದಿಲ್ಲ, ಉಬ್ಬಿದ್ದೂ ಕಾಣುವುದಿಲ್ಲ. ಕೆಳಗೆ ಎರಡು, ಮೇಲೆ ಒಂದು ಹಿಡಿಕೆ ಇಟ್ಟು, ಮೇಲಕ್ಕೆತ್ತಿ ಹೊರತೆಗೆಯುವಂತೆ ಮಾಡಿ, ಬೆನ್ನಿಗೂ ಗೋಡೆಗೂ ನಡುವೆ ಒಂದು ಸೆಂಟಿಮೀಟರ್ ಗಾಳಿಯಾಡಲು ಬಿಡಬೇಕು. ಮಧ್ಯಾಹ್ನದ ಬಿಸಿಲು ಬೀಳುವ ಗೋಡೆ, ಒಲೆಯ ಪಕ್ಕದ ಗೋಡೆ ಬೇಡವೇ ಬೇಡ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವಾಗ ಪಡುವಣ ಗೋಡೆ ಸಂಜೆಯವರೆಗೂ ಕಾದೇ ಇರುತ್ತದೆ. ಅಲ್ಲಿನ ಮನೆಗಳಲ್ಲಿ ಒಳಗೋಡೆಯೇ ಗತಿ.

ಕೈಗೆ ತೆಗೆದಾಗ ನೋಡಬೇಕಾದದ್ದು ಇಷ್ಟು. ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟು ಮೂಲೆ ಒತ್ತಿದರೆ ತೂಗಾಡುತ್ತದೆಯೇ, ಪರದೆಯ ಅಂಚು ಎಲ್ಲಾದರೂ ಮೇಲೆದ್ದು ಉಗುರು ತೂರುವಷ್ಟು ಸಂದು ಬಿಟ್ಟಿದೆಯೇ, ಬಿಳಿ ಪುಟ ತೋರಿಸಿದಾಗ ನಡುವೆ ಎಲ್ಲಾದರೂ ಹೆಚ್ಚು ಬೆಳ್ಳಗಿನ ಮಚ್ಚೆ ಕಾಣುತ್ತದೆಯೇ. ಮೂರರಲ್ಲಿ ಒಂದು ಕಂಡರೂ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಒತ್ತಿ ಸರಿಮಾಡಲು, ಚುಚ್ಚಿ ಗಾಳಿ ತೆಗೆಯಲು ಹೋಗಬಾರದು. ಬ್ಯಾಟರಿ ಬದಲಿಸುವ ರಿಪೇರಿಯವರ ಬಳಿಗೆ ಅಥವಾ ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಒಯ್ಯಬೇಕು, ಮನೆಯ ಕಸದೊಂದಿಗೆ ಹಾಕಿದರೆ ಕಸದ ಗಾಡಿಯಲ್ಲಿ ಅದು ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳಬಹುದು.

ಕೇಬಲ್ ವಿಷಯದಲ್ಲಿ ಒಂದು ಮಾತು. ಗೋಡೆಯೊಳಗೆ ಕಾಣದಂತೆ ತರುವ ಆಸೆಗೆ ತೆಳ್ಳನೆಯ ಉದ್ದ ಯುಎಸ್‌ಬಿ ಕೇಬಲ್ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ಅಗ್ಗದ ಕೇಬಲ್‌ಗಳಲ್ಲಿರುವ 28 ಗೇಜ್ ತಂತಿ 3 ಮೀಟರ್ ಹೋಗಿ ಬರುವಷ್ಟರಲ್ಲಿ, 1 ಆಂಪ್ ಹರಿದರೆ, 5 ವೋಲ್ಟ್‌ನಲ್ಲಿ 1.3 ವೋಲ್ಟ್‌ನಷ್ಟು ನುಂಗುತ್ತದೆ. ಅಷ್ಟು ಇಳಿದರೆ ಟ್ಯಾಬ್ಲೆಟ್ ಎಳೆಯುವುದನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅದೇ ದೂರಕ್ಕೆ ದಪ್ಪನೆಯ 24 ಗೇಜ್ ತಂತಿಯಲ್ಲಿ ನಷ್ಟ ಅರ್ಧ ವೋಲ್ಟ್. ಚಾರ್ಜರ್ ಚಿಹ್ನೆ ಕಾಣುತ್ತಿದ್ದರೂ ಹಗಲಿನ ಪೂರ್ಣ ಬೆಳಕಿನಲ್ಲಿ ಶೇಕಡಾ ಇಳಿಯುತ್ತಲೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. ಎಲೆಕ್ಟ್ರಿಷಿಯನ್‌ಗೆ ಹೇಳಿ ಟ್ಯಾಬ್ಲೆಟ್‌ನ ಹತ್ತಿರವೇ ಒಂದು ಸಾಕೆಟ್ ಮಾಡಿಸಿಕೊಂಡು ಕೇಬಲನ್ನು ಅರ್ಧ ಮೀಟರಿಗೆ ಇಳಿಸುವುದು ಒಳ್ಳೆಯ ದಾರಿ. 230 ವೋಲ್ಟ್ ತಂತಿ ಇರುವ ಪೈಪಿನಲ್ಲೇ ಯುಎಸ್‌ಬಿ ಕೇಬಲ್ ತೂರಿಸಲು ಮಾತ್ರ ಬಿಡಬಾರದು.

ಕೊನೆಗೆ, ಕರೆಂಟ್ ಹೋಗಿ ಬಂದ ಮೇಲಿನ ಹತ್ತು ನಿಮಿಷ. ಟ್ಯಾಬ್ಲೆಟ್‌ಗೆ ತನ್ನದೇ ಬ್ಯಾಟರಿ ಇರುವುದರಿಂದ ಅದು ಎದ್ದೇ ಇರುತ್ತದೆ, ಆದರೆ ರೂಟರ್ ಇನ್ವರ್ಟರಿನ ಸಾಲಿನಲ್ಲಿ ಇಲ್ಲದಿದ್ದರೆ ಪುಟ ಸಿಗದೆ ದೋಷದ ಸಂದೇಶ ತೋರಿಸುತ್ತ ನಿಲ್ಲುತ್ತದೆ. ಮಾಮೂಲಿ ಬ್ರೌಸರಿನಲ್ಲಿ ಅದು ಯಾರಾದರೂ ಬಂದು ಮುಟ್ಟುವವರೆಗೆ ಹಾಗೇ ಇರಬಹುದು. ಫುಲ್ಲಿ ಕಿಯೋಸ್ಕ್‌ನಲ್ಲಿ, ದೋಷ ಬಂದಾಗ ಮತ್ತು ಸಂಪರ್ಕ ಮರಳಿದಾಗ ಪುಟವನ್ನು ತಾನಾಗಿ ಮತ್ತೆ ತರುವ ಆಯ್ಕೆಗಳಿವೆ. ಟ್ಯಾಬ್ಲೆಟ್ ಆನ್ ಆದ ಕೂಡಲೇ ಬ್ರೌಸರ್ ತೆರೆಯುವ `Launch on Boot` ಕೂಡ ಇದೆ. ಆದರೆ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಇವು ಯಾವುವೂ ಸಹಾಯಕ್ಕೆ ಬರುವುದಿಲ್ಲ. ಹೆಚ್ಚಿನ ಟ್ಯಾಬ್ಲೆಟ್‌ಗಳು ಚಾರ್ಜರ್ ಸಿಕ್ಕಾಗ ಬ್ಯಾಟರಿಯ ಚಿತ್ರವೊಂದನ್ನು ತೋರಿಸುತ್ತ ಕೂರುತ್ತವೆಯೇ ಹೊರತು ತಾವಾಗಿ ಆನ್ ಆಗುವುದಿಲ್ಲ, ಯಾರಾದರೂ ಬಂದು ಪವರ್ ಬಟನ್ ಒತ್ತಲೇಬೇಕು. ಕೆಳಗಿನ ಗೆರೆಯನ್ನು 20ಕ್ಕೆ ಇಡದೆ 40ಕ್ಕೆ ಇಟ್ಟದ್ದು ಇದಕ್ಕೇ. ಟ್ಯಾಬ್ ಎಯಲ್ಲಿ 40 ಶೇಕಡಾ ಎಂದರೆ ಮಂದ ಬೆಳಕಿನಲ್ಲಿ ಮೂರು ಗಂಟೆಗೂ ಹೆಚ್ಚು, ಪರದೆ ಆರಿದ್ದರೆ ರಾತ್ರಿಯ ಬಹುಭಾಗ. ಚೌಕಟ್ಟು ಮಾಡಿಸುವಾಗ ಪವರ್ ಬಟನ್‌ಗೆ ಬೆರಳು ತಾಗುವಷ್ಟು ಜಾಗ ಬಿಡುವಂತೆ ಬಡಗಿಗೆ ಮೊದಲೇ ಹೇಳಿರಬೇಕು.